ತೊಳೆದ ಬಟ್ಟೆಯ ಮೇಲೆ ಬೀಳುವ ಕೊನೆಯ ನೀರು

ಬಟ್ಟೆ ಒಗೆಯುವ ಯಂತ್ರ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಟದ ಮನೆಗಳಿಗೂ ಬಂದು ಬಹಳ ಕಾಲವಾಯಿತು. ಒಗೆಯುವ ಕಲ್ಲು ಬಚ್ಚಲಿನ ಹಿಂದೆ ಪಾಚಿ ಹಿಡಿದು ಕುಳಿತಿದೆ. ಯಂತ್ರ ದಿನವೂ ಸೋಪುನೀರಿನಲ್ಲಿ ಮೀಯುವುದರಿಂದ ಅದನ್ನು ಮತ್ತೆ ತೊಳೆಯುವ ಅಗತ್ಯವೇನು ಎಂದು ನಾವು ಭಾವಿಸುತ್ತೇವೆ. ಬಟ್ಟೆ ತಿರುಗುವ ತೊಟ್ಟಿಯ ಮಟ್ಟಿಗೆ ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಯಂತ್ರದ ಮುಂಭಾಗದಲ್ಲಿ ಸೋಪುಪುಡಿ ಹಾಕಲು ಒಂದು ಡ್ರಾಯರ್ ಇರುತ್ತದಷ್ಟೆ. ಅದನ್ನು ಪೂರ್ತಿ ಹೊರಗೆಳೆದು ಅದರ ಹಿಂಬದಿಯನ್ನು ನೋಡಿದವರು ಎಷ್ಟು ಮಂದಿ? ಈ ವಾರ ಆ ಡ್ರಾಯರಿನ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಕಾರಣ, ಈ ಜಡಿಮಳೆಯ ದಿನಗಳಲ್ಲಿ ಮೂಗು ಕಟ್ಟುವ, ಸೀನುವ, ಕೆಮ್ಮುವ ಮಕ್ಕಳ ಮನೆಗಳಲ್ಲಿ ಅದಕ್ಕೂ ಒಂದು ಪಾತ್ರವಿರುವುದನ್ನು ನೋಡುತ್ತಿದ್ದೇನೆ.

ಮುಂದಿನಿಂದ ಬಾಗಿಲು ತೆರೆಯುವ ಯಂತ್ರಗಳ ಡ್ರಾಯರಿನಲ್ಲಿ ಸಾಮಾನ್ಯವಾಗಿ ಮೂರು ಖಾನೆಗಳಿರುತ್ತವೆ. ಒಂದು ಮುಖ್ಯ ಒಗೆತದ ಸೋಪಿಗೆ, ಇನ್ನೊಂದು ಮೊದಲೇ ನೆನೆಸುವ ಒಗೆತಕ್ಕೆ. ಮೂರನೆಯದು, ಹೂವಿನ ಚಿತ್ರವಿರುವ ಚಿಕ್ಕ ಖಾನೆ, ಬಟ್ಟೆಗೆ ಮೃದುತ್ವ ಮತ್ತು ಪರಿಮಳ ಕೊಡುವ ಸಾಫ್ಟನರಿಗೆ. ಎಲ್ಲ ತೊಂದರೆಯ ಮೂಲ ಹೆಚ್ಚಾಗಿ ಈ ಮೂರನೆಯ ಖಾನೆ.

ಅದು ಕೆಲಸ ಮಾಡುವ ಬಗೆ ತಿಳಿದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯಲು ರಬ್ಬರ್ ಕೊಳವೆಯನ್ನು ಒಮ್ಮೆ ಎಳೆದು ಬಿಟ್ಟರೆ ಆಮೇಲೆ ಎಣ್ಣೆ ತಾನಾಗಿ ಇಳಿಯುತ್ತಾ ಹೋಗುವುದನ್ನು ಹಿರಿಯರು ನೋಡಿರಬಹುದು. ಈ ಖಾನೆಯಲ್ಲಿರುವುದೂ ಅದೇ ಉಪಾಯ. ಖಾನೆಯ ತಳದಲ್ಲಿ ಒಂದು ಸಣ್ಣ ಕೊಳವೆ ನಿಂತಿರುತ್ತದೆ, ಅದರ ಮೇಲೆ ಒಂದು ಪ್ಲಾಸ್ಟಿಕ್ ಟೋಪಿ ಕೂತಿರುತ್ತದೆ. ಕೊನೆಯ ಬಾರಿ ಬಟ್ಟೆ ಜಾಲಾಡುವಾಗ ಮೇಲಿನಿಂದ ಈ ಖಾನೆಗೆ ನೀರು ಸುರಿಯುತ್ತದೆ. ನೀರಿನ ಮಟ್ಟ ಕೊಳವೆಯ ತುದಿಯನ್ನು ದಾಟಿದೊಡನೆ ಸಾಫ್ಟನರ್ ಸಮೇತ ಎಲ್ಲ ನೀರೂ ಒಮ್ಮೆಲೇ ಕೆಳಗಿಳಿದು ಬಟ್ಟೆಯನ್ನು ಸೇರುತ್ತದೆ. ಕೊನೆಗೆ ಒಂದೆರಡು ಚಮಚದಷ್ಟು ನೀರು ತಳದಲ್ಲಿ ಉಳಿಯುತ್ತದೆ. ಅದು ಯಂತ್ರದ ದೋಷವಲ್ಲ, ಅದರ ರಚನೆಯೇ ಹಾಗೆ.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಮೊದಲನೆಯದು, ಈ ನೀರು ಬಟ್ಟೆಗೆ ಬೀಳುವುದು ಕೊನೆಯಲ್ಲಿ. ಸೋಪು, ಬಿಸಿ, ಉಜ್ಜಾಟ ಎಲ್ಲ ಮುಗಿದು ಬಟ್ಟೆ ಶುಚಿಯಾದ ಮೇಲೆ. ಎರಡನೆಯದು, ನೀವು ಯಂತ್ರವನ್ನು 60 ಡಿಗ್ರಿಗೆ ಇಟ್ಟಿದ್ದರೂ ಈ ಕೊನೆಯ ನೀರು ತಣ್ಣೀರೇ. ಹಾಗಾಗಿ ಆ ಖಾನೆಯಲ್ಲಿ ಕೊಳೆ ಇದ್ದರೆ ಅದನ್ನು ಕೊಲ್ಲಲು ಬಿಸಿಯಾಗಲಿ, ಮತ್ತೆ ತೊಳೆಯಲು ಸೋಪಾಗಲಿ ಉಳಿದಿರುವುದಿಲ್ಲ. ಅದು ನೇರವಾಗಿ ಮಗುವಿನ ಅಂಗಿಗೂ ತಲೆದಿಂಬಿನ ಚೀಲಕ್ಕೂ ಹೋಗುತ್ತದೆ.

ಇದು ಕೇವಲ ಊಹೆಯಲ್ಲ. ಜರ್ಮನಿಯ ಒಂದು ಮಕ್ಕಳ ಆಸ್ಪತ್ರೆಯಲ್ಲಿ 2012-13ರಲ್ಲಿ 13 ನವಜಾತ ಶಿಶುಗಳಲ್ಲಿ ಹಾಗೂ ಒಂದು ಮಗುವಿನಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಕಂಡುಬಂತು. ಹಲವು ಪ್ರತಿಜೈವಿಕ ಔಷಧಗಳಿಗೆ ಬಗ್ಗದ ಜಾತಿ ಅದು. ವೈದ್ಯರು, ದಾದಿಯರು, ಇನ್‌ಕ್ಯುಬೇಟರ್ ಎಲ್ಲವನ್ನೂ ಪರೀಕ್ಷಿಸಿದರೂ ಮೂಲ ಸಿಗಲಿಲ್ಲ. ಕೊನೆಗೆ ಶಿಶುಗಳ ಟೋಪಿ ಮತ್ತು ಕಾಲುಚೀಲಗಳನ್ನು ಒಗೆಯುತ್ತಿದ್ದ, ಮನೆಗಳಲ್ಲಿ ಬಳಸುವಂಥದ್ದೇ ಆದ ಯಂತ್ರದ ಸೋಪಿನ ಡ್ರಾಯರಿನಲ್ಲಿ ಮತ್ತು ಬಾಗಿಲಿನ ರಬ್ಬರಿನಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಆ ಯಂತ್ರವನ್ನು ತೆಗೆದ ಮೇಲೆ ಹೊಸ ಪ್ರಕರಣಗಳು ನಿಂತವು. ಡ್ರಾಯರಿನ ಮೂಲಕ ಹಾದುಬರುವ, ಬಿಸಿ ಮಾಡದ, ಸೋಪಿಲ್ಲದ ಕೊನೆಯ ನೀರಿನ ಕಡೆಗೇ ಬಾನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬೆರಳು ತೋರಿಸಿದರು. ಆ ಶಿಶುಗಳಲ್ಲಿ ಬ್ಯಾಕ್ಟೀರಿಯಾ ನೆಲೆಸಿತ್ತೇ ಹೊರತು ಕಾಯಿಲೆ ತರಲಿಲ್ಲ ಎಂಬುದನ್ನೂ ಹೇಳಬೇಕು. ಓದುಗರು ಗಾಬರಿಯಾಗಬೇಕಿಲ್ಲ. ಆದರೆ ಡ್ರಾಯರಿನಿಂದ ಬಟ್ಟೆಗೆ, ಬಟ್ಟೆಯಿಂದ ಮೈಗೆ ದಾರಿಯಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇನ್ನು ನಮ್ಮ ಕರಾವಳಿಯ ಸಂಗತಿಗೆ ಬರೋಣ. ಇಲ್ಲಿ ಡ್ರಾಯರಿನಲ್ಲಿ ಬ್ಯಾಕ್ಟೀರಿಯಾಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಬೂಷ್ಟು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ನಾಡು ನಮ್ಮದು. ಆಟಿ ತಿಂಗಳಲ್ಲಿ ಚರ್ಮದ ಚಪ್ಪಲಿಗೂ ಮರದ ಕಪಾಟಿಗೂ ಬಿಳಿ ಬೂಷ್ಟು ಹಿಡಿಯುವಾಗ, ಸದಾ ಒದ್ದೆಯಾಗಿ, ಕತ್ತಲೆಯಲ್ಲಿ ಮುಚ್ಚಿಟ್ಟ ಡ್ರಾಯರ್ ಅದರಿಂದ ತಪ್ಪಿಸಿಕೊಳ್ಳುವುದು ಹೇಗೆ? ಸಾಲದ್ದಕ್ಕೆ ಸಾಫ್ಟನರ್ ಅದಕ್ಕೆ ಆಹಾರವನ್ನೂ ಒದಗಿಸುತ್ತದೆ. ಸಾಫ್ಟನರ್ ಎಂಬುದು ಕೊಬ್ಬಿನಿಂದ ತಯಾರಾದ, ಜಿಡ್ಡಿನ ಸ್ವಭಾವದ ವಸ್ತು. ಬಟ್ಟೆಯ ನೂಲಿಗೆ ತೆಳುವಾದ ಜಿಡ್ಡಿನ ಪದರ ಹಚ್ಚುವುದೇ ಅದರ ಕೆಲಸ. ಸೋಪುಪುಡಿಯ ಕಣಗಳಿಗೂ ಸಾಫ್ಟನರಿನ ಕಣಗಳಿಗೂ ವಿದ್ಯುದಂಶ ಪರಸ್ಪರ ವಿರುದ್ಧ. ಆದ್ದರಿಂದ ಎರಡೂ ಎಲ್ಲಿ ಸೇರಿದರೂ ಒಂದಕ್ಕೊಂದು ಅಂಟಿ, ಒಡೆದ ಹಾಲಿನಂತೆ ಗಸಿಯಾಗುತ್ತವೆ. ಡ್ರಾಯರಿನ ತಳದಲ್ಲಿ ಬೆರಳಿಗೆ ಸಿಗುವ ಬೂದು ಬಣ್ಣದ ಲೋಳೆ ಹೆಚ್ಚಾಗಿ ಇದೇ. ಅದರ ಮೇಲೆ ಕಪ್ಪು ಚುಕ್ಕೆಗಳಾಗಿ ಬೂಷ್ಟು ಬೆಳೆಯುತ್ತದೆ. ಸ್ಲೊವೇನಿಯಾದ ವಿಜ್ಞಾನಿಗಳು 2015ರಲ್ಲಿ 70 ಮನೆ ಯಂತ್ರಗಳ ಪರೀಕ್ಷೆಯ ವರದಿ ಪ್ರಕಟಿಸಿದಾಗ, ಹೆಚ್ಚಿನ ಯಂತ್ರಗಳಲ್ಲಿ ಶಿಲೀಂಧ್ರಗಳು ಇದ್ದವು. ಅದು ನಮಗಿಂತ ತಂಪಾದ, ಇಷ್ಟು ಮಳೆಯಿಲ್ಲದ ದೇಶ.

ನಮ್ಮಲ್ಲಿ ಇನ್ನೆರಡು ಕಾರಣಗಳು ಸೇರಿಕೊಳ್ಳುತ್ತವೆ. ತಾರಸಿಯ ಮೇಲಿನ ಟ್ಯಾಂಕಿ ತೀರಾ ತಗ್ಗಿನಲ್ಲಿದ್ದರೆ ನಳ್ಳಿ ನೀರಿಗೆ ರಭಸವಿರುವುದಿಲ್ಲ, ಡ್ರಾಯರಿನ ಪುಡಿ ಪೂರ್ತಿ ಕರಗಿ ಹೋಗದೆ ಮೂಲೆಯಲ್ಲಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಒಗೆತದ ನಡುವೆಯೇ ಕರೆಂಟು ಹೋದರೆ ಖಾನೆಯಲ್ಲಿ ಅರ್ಧ ನೀರು ಗಂಟೆಗಟ್ಟಲೆ ನಿಲ್ಲುತ್ತದೆ. ಎರಡೂ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ.

ಒಂದು ಮನೆಯ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಿದರೆ ವಿಷಯ ಸ್ಪಷ್ಟವಾದೀತು. ಬೆಳ್ತಂಗಡಿ ಕಡೆಯ ಒಂಬತ್ತು ವರ್ಷದ ಹುಡುಗ. ಸಣ್ಣಂದಿನಿಂದ ದಮ್ಮಿನ ತೊಂದರೆ, ಇನ್‌ಹೇಲರ್ ಬಳಸುತ್ತಾನೆ. ಮಳೆ ಹಿಡಿದ ಮೇಲೆ ಬೆಳಗ್ಗೆ ಏಳುವಾಗ ಹತ್ತು ಹದಿನೈದು ಸೀನು, ರಾತ್ರಿ ಹೊದಿಕೆ ಎಳೆದುಕೊಂಡರೆ ಕೆಮ್ಮು. ತಾಯಿ ಸೂಕ್ಷ್ಮವಾಗಿ ಗಮನಿಸುವವರು. "ಡಾಕ್ಟ್ರೇ, ಹೊಸತಾಗಿ ಒಗೆದ ಹೊದಿಕೆ ಹಾಕಿದ ರಾತ್ರಿಯೇ ಜಾಸ್ತಿ. ಒಗೆದದ್ದು ತಪ್ಪಾ?" ಎಂದು ಕೇಳಿದರು. ಹೊದಿಕೆಯಲ್ಲಿ ಪರಿಮಳದ ಅಡಿಯಲ್ಲಿ ಒಂದು ಮುಗ್ಗಲು ವಾಸನೆಯೂ ಇರುತ್ತದೆ ಎಂದರು. ಡ್ರಾಯರ್ ಬಿಚ್ಚಿ ನೋಡಿದ್ದೀರಾ ಎಂದು ಕೇಳಿದೆ. ಮುಂದಿನ ಸಲ ಬರುವಾಗ ಅವರು ಡ್ರಾಯರನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತಂದಿದ್ದರು! ಸಾಫ್ಟನರ್ ಖಾನೆಯ ಟೋಪಿ ತೆಗೆದರೆ ಕೊಳವೆ ಲೋಳೆಯಿಂದ ಮುಕ್ಕಾಲು ಮುಚ್ಚಿತ್ತು. ಹಿಂಬದಿಯ ಗೋಡೆಯಲ್ಲಿ ಕಾಡಿಗೆ ಮೆತ್ತಿದಂತೆ ಬೂಷ್ಟು. ಪ್ರತಿ ಒಗೆತದಲ್ಲೂ ನೀಲಿ ದ್ರವವನ್ನು ಗೆರೆ ಮೀರಿ ತುಂಬುತ್ತಿದ್ದರು, ಅದು ಇಳಿಯದೆ ಉಳಿಯುತ್ತಿತ್ತು.

ಅವರು ಮೂರು ಬದಲಾವಣೆ ಮಾಡಿದರು. ಡ್ರಾಯರ್ ಶುಚಿ ಮಾಡಿದರು, ಸಾಫ್ಟನರ್ ನಿಲ್ಲಿಸಿದರು, ಹುಡುಗ ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಗಿಸುವುದನ್ನು ಬಿಟ್ಟರು. ಇನ್‌ಹೇಲರ್ ಮುಂದುವರಿಯಿತು. ಮೂರು ವಾರಗಳಲ್ಲಿ ಬೆಳಗಿನ ಸೀನು ಬಹುಮಟ್ಟಿಗೆ ಇಳಿಯಿತು. ಇದರಲ್ಲಿ ಡ್ರಾಯರಿನ ಪಾಲೆಷ್ಟು, ಪರಿಮಳದ ಪಾಲೆಷ್ಟು, ಕೋಣೆಯ ತೇವದ ಪಾಲೆಷ್ಟು ಎಂದು ತೂಗಿ ಹೇಳಲಾಗದು. ಮೂರನ್ನೂ ಒಟ್ಟಿಗೆ ಬದಲಿಸಿದ್ದೇವಲ್ಲ. ಬೂಷ್ಟಿನ ಕಣಗಳೂ ಕೃತಕ ಪರಿಮಳವೂ ದಮ್ಮು ಇರುವವರ ಶ್ವಾಸನಾಳವನ್ನು ಕೆರಳಿಸಬಲ್ಲವು. ಕೋಣೆಯಲ್ಲಿ ಒಣಗುವ ಬಟ್ಟೆ ಗೋಡೆಗೆ ಬೂಷ್ಟು ತರಿಸುತ್ತದೆ. ಮೂರೂ ಖರ್ಚಿಲ್ಲದ ಕೆಲಸವಾದ್ದರಿಂದ ಒಟ್ಟಿಗೆ ಮಾಡುವುದೇ ಸರಿ.

ನಿಮ್ಮ ಯಂತ್ರದ ಸ್ಥಿತಿ ತಿಳಿಯುವುದು ಕಷ್ಟವಲ್ಲ. ಒಗೆತ ಮುಗಿದ ಮೇಲೆ ಡ್ರಾಯರ್ ಎಳೆದು ನೋಡಿ. ಸಾಫ್ಟನರ್ ಖಾನೆಯಲ್ಲಿ ಒಂದೆರಡು ಚಮಚಕ್ಕಿಂತ ಹೆಚ್ಚು ನೀರು ನಿಂತಿದ್ದರೆ ಕೊಳವೆ ಕಟ್ಟಿಕೊಂಡಿದೆ ಎಂದರ್ಥ. ಒಣಗಿದ ಬಟ್ಟೆಯಲ್ಲಿ ಎಣ್ಣೆ ತಾಗಿದಂತೆ ನೀಲಿ ಛಾಯೆಯ ಕಲೆಗಳಿದ್ದರೂ, ಬಿಳಿ ಬಟ್ಟೆಯಲ್ಲಿ ಕಪ್ಪು ಸಿಪ್ಪೆಯಂಥ ಚೂರುಗಳು ಸಿಕ್ಕಿದರೂ ಡ್ರಾಯರಿನ ಮೇಲೆ ಸಂಶಯ ಪಡಬಹುದು.

ಶುಚಿ ಮಾಡುವ ಕ್ರಮ ಹೀಗೆ. ಮೊದಲು ಪ್ಲಗ್ ತೆಗೆದು ನಳ್ಳಿ ಮುಚ್ಚಿ. ಡ್ರಾಯರನ್ನು ಕೊನೆಯವರೆಗೆ ಎಳೆದರೆ ಒಳಗೆ ಒತ್ತಲು ಒಂದು ಸಣ್ಣ ಗುರುತು ಕಾಣಿಸುತ್ತದೆ, ಹೆಚ್ಚಾಗಿ ಸಾಫ್ಟನರ್ ಖಾನೆಯ ಟೋಪಿಯ ಬಳಿ. ಅದನ್ನು ಒತ್ತಿ ಹಿಡಿದು ಎಳೆದರೆ ಡ್ರಾಯರ್ ಪೂರ್ತಿ ಕೈಗೆ ಬರುತ್ತದೆ. ಟೋಪಿಯನ್ನು ನೇರವಾಗಿ ಮೇಲಕ್ಕೆತ್ತಿ ಬಿಡಿಸಿ. ಎಲ್ಲವನ್ನೂ ಒಂದು ಬಕೆಟ್ ಬಿಸಿನೀರಿನಲ್ಲಿ ಒಂದು ಚಮಚ ಸೋಪುಪುಡಿ ಕದಡಿ ಅರ್ಧ ಗಂಟೆ ನೆನೆಹಾಕಿ. ನೀರು ಕೈ ಇಡುವಷ್ಟು ಬಿಸಿಯಿದ್ದರೆ ಸಾಕು. ಹಂಡೆಯಲ್ಲಿ ಕುದಿಯುವ ನೀರನ್ನು ನೇರವಾಗಿ ಸುರಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಡ್ರಾಯರ್ ಮತ್ತೆ ಕೂರದೇ ಹೋದೀತು. ಆಮೇಲೆ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೂಲೆಗಳನ್ನು ಉಜ್ಜಿ. ಕೊಳವೆಯೊಳಗೆ ಬ್ರಶ್ಶು ಹೋಗುವುದಿಲ್ಲ, ಹಿಡಿಸೂಡಿಯ ಒಂದು ಹೊಸ ಕಡ್ಡಿಯ ತುದಿಗೆ ಹತ್ತಿ ಸುತ್ತಿ ಆಚೀಚೆ ಆಡಿಸಿ. ಟೋಪಿಯ ಒಳಭಾಗಕ್ಕೂ ಅದೇ ಕಡ್ಡಿ ಸಾಕು.

ಹೆಚ್ಚಿನವರು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಡ್ರಾಯರ್ ಕೂರುವ ಗೂಡಿನ ಒಳಗೆ ಟಾರ್ಚ್ ಬಿಟ್ಟು ಮೇಲಕ್ಕೆ ನೋಡಿ. ಗೂಡಿನ ಚಾವಣಿಯಲ್ಲಿ ನೀರು ಸುರಿಯುವ ಸಣ್ಣ ಸಣ್ಣ ತೂತುಗಳಿವೆ. ಬೂಷ್ಟು ದಟ್ಟವಾಗಿರುವುದು ಅಲ್ಲಿಯೇ. ಕೆಳಗಿನ ಡ್ರಾಯರನ್ನು ಎಷ್ಟು ತೊಳೆದರೂ ಮೇಲಿನ ಬೂಷ್ಟು ಪ್ರತಿ ಒಗೆತದಲ್ಲೂ ನೀರಿನೊಡನೆ ಅದರ ಮೇಲೆ ಉದುರುತ್ತಿರುತ್ತದೆ. ಆದ್ದರಿಂದ ಸೋಪುನೀರಿನಲ್ಲಿ ಅದ್ದಿದ ಬ್ರಶ್ಶಿನಿಂದ ಚಾವಣಿಯನ್ನೂ ಪಕ್ಕದ ಗೋಡೆಗಳನ್ನೂ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಬ್ರಶ್ಶು ಯಾವಾಗಲೂ ಒದ್ದೆಯಾಗಿರಲಿ, ಒಣ ಬೂಷ್ಟನ್ನು ಕೆರೆದರೆ ಕಣಗಳು ಗಾಳಿಗೆ ಹಾರುತ್ತವೆ. ಮನೆಯಲ್ಲಿ ದಮ್ಮು ಇರುವವರು ಈ ಕೆಲಸಕ್ಕೆ ಕೈಹಾಕುವುದು ಬೇಡ.

ಕಪ್ಪು ಕಲೆ ಹೋಗದಿದ್ದರೆ ಮಾತ್ರ ಬಿಳಿ ಬಟ್ಟೆಗೆ ಬಳಸುವ ದ್ರವ ಬ್ಲೀಚ್ ಬೇಕಾಗುತ್ತದೆ. ಒಂದು ಲೀಟರ್ ತಣ್ಣೀರಿಗೆ 60 ಮಿಲಿಲೀಟರ್, ಅಂದರೆ ನಾಲ್ಕು ದೊಡ್ಡ ಚಮಚ ಬೆರೆಸಿ, ಸೋಪು ಪೂರ್ತಿ ತೊಳೆದುಹೋದ ಡ್ರಾಯರನ್ನು ಅದರಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಚೆನ್ನಾಗಿ ತೊಳೆಯಿರಿ. ಕಿಟಕಿ ತೆರೆದಿರಲಿ, ಕೈಗೆ ಗವಸಿರಲಿ. ಬ್ಲೀಚಿನ ಜೊತೆ ವಿನೆಗರ್, ನಿಂಬೆರಸ ಅಥವಾ ಕಕ್ಕಸು ತೊಳೆಯುವ ಆಸಿಡ್ ಯಾವುದನ್ನೂ ಸೇರಿಸಬಾರದು. ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಉಸಿರನ್ನೇ ಕಟ್ಟಿಸಬಲ್ಲದು.

ಮರಳಿ ಜೋಡಿಸುವ ಮೊದಲು ಒಂದು ಪರೀಕ್ಷೆ. ಟೋಪಿಯನ್ನು ಒತ್ತಿ ಕೂರಿಸಿ, ಡ್ರಾಯರನ್ನು ಬೇಸಿನ್ನಿನ ಮೇಲೆ ಸಮಮಟ್ಟವಾಗಿ ಹಿಡಿದು ಸಾಫ್ಟನರ್ ಖಾನೆಗೆ ಲೋಟದಿಂದ ನೀರು ಹೊಯ್ಯಿರಿ. ನೀರು ಗೆರೆ ದಾಟಿದೊಡನೆ ಎಲ್ಲವೂ ಸರ್ರನೆ ಇಳಿದು, ತಳದಲ್ಲಿ ಒಂದಿಷ್ಟು ಮಾತ್ರ ಉಳಿದರೆ ಕೆಲಸ ಸರಿಯಾಗಿದೆ. ಹನಿಹನಿಯಾಗಿ ಸೋರಿದರೆ ಅಥವಾ ಹಾಗೆಯೇ ನಿಂತರೆ ಕೊಳವೆಯಲ್ಲಿ ಇನ್ನೂ ಲೋಳೆಯಿದೆ, ಇಲ್ಲವೇ ಟೋಪಿ ಸರಿಯಾಗಿ ಕೂತಿಲ್ಲ. ಕೊನೆಯಲ್ಲಿ ಬಟ್ಟೆ ಹಾಕದೆ ಯಂತ್ರವನ್ನು ಒಮ್ಮೆ 60 ಡಿಗ್ರಿಯಲ್ಲಿ ಓಡಿಸಿ, ಉದುರಿದ ಕೊಳೆ ಹೊರಗೆ ಹೋಗಲಿ. ಅಂದಿನಿಂದ ಪ್ರತಿ ಒಗೆತದ ನಂತರ ಡ್ರಾಯರನ್ನು ನಾಲ್ಕು ಬೆರಳು ಹೊರಗೆಳೆದು ಬಿಡಬೇಕು. ಗಾಳಿಯಾಡಿದ ಕಡೆ ಬೂಷ್ಟು ನಿಧಾನ. ಮೇಲಿನಿಂದ ಬಟ್ಟೆ ಹಾಕುವ ಸ್ವಯಂಚಾಲಿತ ಯಂತ್ರಗಳಲ್ಲೂ ಅಂಚಿನಲ್ಲಿ ಚಿಕ್ಕ ಡ್ರಾಯರ್ ಅಥವಾ ಬಟ್ಟಲು ಇರುತ್ತದೆ, ಅದನ್ನೂ ಹೀಗೆಯೇ ತೊಳೆಯಬಹುದು.

ಈಗ ನನ್ನ ಅಭಿಪ್ರಾಯ. ಮಳೆಗಾಲ ಮುಗಿಯುವ ತನಕ ಸಾಫ್ಟನರ್ ಖಾನೆಯನ್ನು ಖಾಲಿ ಬಿಡುವುದೇ ಲೇಸು. ನಮ್ಮ ಮುರಕಲ್ಲಿನ ನೆಲದ ಬಾವಿನೀರು ಸಾಮಾನ್ಯವಾಗಿ ಮೆದುನೀರು. ಬಯಲುಸೀಮೆಯ ಗಡಸು ನೀರಿನಲ್ಲಿ ಒಗೆದ ಬಟ್ಟೆ ಒರಟಾಗುವಂತೆ ಇಲ್ಲಿ ಆಗುವುದಿಲ್ಲ. ಟವೆಲಿಗೂ ಮಗುವಿನ ಬಟ್ಟೆಗೂ ಸಾಫ್ಟನರಿನ ಜಿಡ್ಡು ತಾಗಿದರೆ ಅವು ನೀರು ಹೀರುವುದು ಕಡಿಮೆಯಾಗುತ್ತದೆ. ಇಸುಬಿನ ಚರ್ಮದವರಿಗೆ ಆ ಪರಿಮಳ ತುರಿಕೆ ತರುವುದೂ ಉಂಟು. "ಹಾಕದಿದ್ದರೆ ಮಳೆಗಾಲದಲ್ಲಿ ಬಟ್ಟೆ ವಾಸನೆ ಬರುತ್ತದಲ್ಲ" ಎಂದು ಗೃಹಿಣಿಯರು ಕೇಳುತ್ತಾರೆ. ಆ ವಾಸನೆ ಬರುವುದು ಬಟ್ಟೆ ನಿಧಾನವಾಗಿ ಒಣಗುವಾಗ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದರಿಂದ. ಪರಿಮಳ ಅದನ್ನು ಮುಚ್ಚುತ್ತದೆ, ನಿವಾರಿಸುವುದಿಲ್ಲ. ಹಿಂಡುವ ಸುತ್ತನ್ನು ಇನ್ನೊಮ್ಮೆ ಓಡಿಸಿ, ಬಟ್ಟೆಗಳನ್ನು ಒಂದರ ಮೇಲೊಂದು ಬೀಳದಂತೆ ಜಗಲಿಯಲ್ಲಿ ಫ್ಯಾನಿನ ಕೆಳಗೆ ಹರಡಿದರೆ ವಾಸನೆ ಬಹಳ ಮಟ್ಟಿಗೆ ತಪ್ಪುತ್ತದೆ. ಬಾಣಂತಿ ಮತ್ತು ಹಸುಗೂಸು ಇರುವ ಮನೆಯಲ್ಲಿ ಮಗುವಿನ ಬಟ್ಟೆಯನ್ನು ಹಂಡೆಯ ಬಿಸಿನೀರಿನಲ್ಲಿ ಕೈಯಿಂದಲೇ ಜಾಲಾಡಿ, ಒಣಗಿಸಿ ಇಸ್ತ್ರಿ ಹಾಕುವ ಹಳೆಯ ಪದ್ಧತಿಯನ್ನು ಬಿಡಬೇಡಿ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಸರಿಪಡಿಸಬೇಕು. ಮೂಡುಬಿದಿರೆಯಂಥ ಊರುಗಳಲ್ಲಿ ಹಾಸ್ಟೆಲು, ಬಾಡಿಗೆ ಕೋಣೆಗಳಲ್ಲಿ ಹಲವರು ಒಂದೇ ಯಂತ್ರ ಬಳಸುವ ವಿದ್ಯಾರ್ಥಿಗಳು ತೊಡೆಸಂದಿಯ ಹುಳಕಡ್ಡಿಗೆ ಯಂತ್ರದ ಬೂಷ್ಟೇ ಕಾರಣವೆಂದು ಹೇಳುವುದನ್ನು ಕೇಳುತ್ತೇವೆ. ಡ್ರಾಯರಿನ ಕಪ್ಪು ಬೂಷ್ಟೇ ಬೇರೆ, ಹುಳಕಡ್ಡಿಯ ಶಿಲೀಂಧ್ರವೇ ಬೇರೆ. ಹುಳಕಡ್ಡಿ ಹರಡುವುದು ಮೈಯ ಸಂಪರ್ಕದಿಂದ, ಹಂಚಿಕೊಂಡ ಟವೆಲಿನಿಂದ, ಅರೆಒದ್ದೆ ಒಳಉಡುಪಿನಿಂದ. ಡ್ರಾಯರ್ ತೊಳೆದರೆ ಅದು ವಾಸಿಯಾಗದು, ವೈದ್ಯರಿಗೆ ತೋರಿಸಿಯೇ ಔಷಧ ಹಚ್ಚಬೇಕು. ಹಾಗೆಯೇ ಡ್ರಾಯರ್ ಶುಚಿಯಾದ ಮೇಲೂ ಮಗುವಿಗೆ ಉಬ್ಬಸ, ಕೆಮ್ಮು ಮುಂದುವರಿದರೆ ಗೋಡೆಯ ಬೂಷ್ಟು, ಹಳೆಯ ಹತ್ತಿಯ ಹಾಸಿಗೆ, ಅಡಿಕೆ ದಾಸ್ತಾನಿನ ಧೂಳು ಇವನ್ನೂ ಹುಡುಕಬೇಕು. ಯಾವ ಕಾರಣಕ್ಕೂ ಇನ್‌ಹೇಲರನ್ನು ತಾವಾಗಿ ನಿಲ್ಲಿಸಬಾರದು.

ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದರೆ, ಪತ್ತನಾಜೆಗೆ ಮೊದಲು ಗೂಡಿನ ಸಮೇತ ಒಮ್ಮೆ ಪೂರ್ತಿ ಶುಚಿ ಮಾಡಿ. ಅಲ್ಲಿಂದ ದೀಪಾವಳಿಯವರೆಗೆ ಹದಿನೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ನೆನೆಯುವ ಅರ್ಧ ಗಂಟೆ ಬಿಟ್ಟರೆ ಕೈಕೆಲಸ ಕಾಲು ಗಂಟೆಯದು.